ಹೊಲದಲ್ಲಿ ವಿಡಿಯೊ ಮಾಡುವವರಿಗೆ ಯಾವ ಕಾಲರ್ ಮೈಕ್?

ಪ್ರಶ್ನೆ: ಸರ್, ನಮ್ಮೂರು ಸಿಂಧನೂರು ತಾಲ್ಲೂಕಿನಲ್ಲಿದೆ. ಭತ್ತ, ಹತ್ತಿ ಬಗ್ಗೆ ಸಣ್ಣ ಸಣ್ಣ ವಿಡಿಯೊ ಮಾಡಿ ಹಾಕ್ತೀನಿ. ನಾನು ಹೊಲದಾಗೆ ನಿಂತು ಮಾತಾಡ್ತೀನಿ, ತಂಗಿ ಫೋನ್ ಹಿಡೀತಾಳೆ. 400 ರೂಪಾಯಿ ಕೊಟ್ಟು ವೈರ್‌ಲೆಸ್ ಕಾಲರ್ ಮೈಕ್ ತರಿಸಿದೆ. ಮನೇಲಿ ಚೆನ್ನಾಗೇ ಇತ್ತು. ಹೊಲದಾಗೆ ಗುಡುಗುಡು ಅಂತದೆ, ಮಾತು ಕಟ್ ಆಗ್ತದೆ, ಒಂದೊಂದು ಸಲ ಮೈಕ್ ಹಾಕಿದ್ರೂ ದೂರದಿಂದ ಕೂಗಿದಂಗೆ ಕೇಳ್ತದೆ. ಅಂಗಡಿಯವರು "ವೈರಿಂದೇ ಬೆಸ್ಟ್ ರೀ" ಅಂದ್ರು. ಆದ್ರೆ ನನ್ನ ಫೋನಿಗೆ ದುಂಡು ಪಿನ್ನಿನ ತೂತೇ ಇಲ್ಲ, ಟೈಪ್-ಸಿ ಒಂದೇ. ಗೆಳತಿಯ ವೈರ್ ಮೈಕನ್ನ ಕನ್ವರ್ಟರ್ ಹಾಕಿ ನೋಡಿದೆ, ಹಿಡೀಲಿಲ್ಲ. ಯಾವುದು ತಗೊಳ್ಳಲಿ? 2,000 ರೂಪಾಯಿ ಒಳಗೆ ಆಗಬೇಕು.

ಉತ್ತರ: ಮೊದಲು ಒಂದು ಮಾತು. ಹೊಸ ಮೈಕ್ ತರುವುದಕ್ಕೆ ಮುಂಚೆ ನಿಮ್ಮ ಬೆರಳಿನ ಉಗುರಿಗೆ ಸ್ವಲ್ಪ ಕೆಲಸ ಕೊಡಿ.

ಮೈಕ್ ಹಾಕಿ, ನೀವು ಯಾವಾಗಲೂ ಬಳಸುವ ಕ್ಯಾಮೆರಾದಲ್ಲೇ ವಿಡಿಯೊ ಆನ್ ಮಾಡಿ. ಕಾಲರ್ ಮೈಕಿನ ತಲೆಯ ಮೇಲೆ ಉಗುರಿನಿಂದ ಮೆಲ್ಲಗೆ ಮೂರು ಸಲ ಗೀರಿ. ಆಮೇಲೆ ಫೋನಿನ ಕೆಳ ಅಂಚಿನಲ್ಲಿ, ಚಾರ್ಜಿಂಗ್ ತೂತಿನ ಪಕ್ಕದಲ್ಲಿ ಸಣ್ಣ ರಂಧ್ರ ಇರುತ್ತದಲ್ಲ, ಅಲ್ಲೂ ಮೂರು ಸಲ ಗೀರಿ. ಹಿಂದೆ ಕ್ಯಾಮೆರಾ ಪಕ್ಕದಲ್ಲೂ ಮೂರು ಸಲ. ಈಗ ವಿಡಿಯೊ ಕೇಳಿ. ಕಾಲರ್ ಮೈಕ್ ಗೀರಿದ್ದು ಜೋರಾಗಿ, ಫೋನ್ ಗೀರಿದ್ದು ಸಣ್ಣಗೆ ಕೇಳಿದರೆ ಕಾಲರ್ ಮೈಕೇ ಕೆಲಸ ಮಾಡುತ್ತಿದೆ. ಉಲ್ಟಾ ಕೇಳಿದರೆ ಫೋನಿನ ಸ್ವಂತ ಮೈಕ್ ರೆಕಾರ್ಡ್ ಮಾಡಿದೆ, ನಿಮ್ಮ ಎದೆ ಮೇಲಿರುವುದು ಬರೀ ಒಡವೆ.

"ದೂರದಿಂದ ಕೂಗಿದಂಗೆ" ಎಂದಿರಲ್ಲ, ಅದು ಬಹುತೇಕ ಇದೇ. ಇಪ್ಪತ್ತು ವರ್ಷದಿಂದ ಬಳ್ಳಾರಿಯಲ್ಲಿ ಸೌಂಡ್ ಕೆಲಸ ಮಾಡುತ್ತಿದ್ದೇನೆ. ಮೈಕ್ ಕೆಟ್ಟಿದೆ ಎಂದು ತಂದವರಲ್ಲಿ ಅರ್ಧಕ್ಕರ್ಧ ಜನರ ಮೈಕ್ ಚೆನ್ನಾಗಿಯೇ ಇರುತ್ತದೆ. ಫೋನ್ ಅದನ್ನು ಬಳಸಿಯೇ ಇರುವುದಿಲ್ಲ.

ಯಾಕೆ ಹೀಗಾಗುತ್ತದೆ? ಮೂರು ಕಾರಣ ನಾನು ಪದೇ ಪದೇ ನೋಡಿದ್ದು. ಒಂದು, ಫೋನಿನ ಕವರ್. ದಪ್ಪ ರಬ್ಬರ್ ಕವರ್ ಇದ್ದರೆ ರಿಸೀವರಿನ ಟೈಪ್-ಸಿ ಪಿನ್ನು ಪೂರ್ತಿ ಒಳಗೆ ಕೂರುವುದಿಲ್ಲ. ಕೂತಂತೆ ಕಾಣುತ್ತದೆ, ಲೈಟೂ ಹತ್ತುತ್ತದೆ, ತಂಗಿ ಕೈ ಸ್ವಲ್ಪ ಅಲುಗಿಸಿದರೆ ಸಂಪರ್ಕ ಬಿಡುತ್ತದೆ. ಬಿಟ್ಟ ಕೂಡಲೇ ಫೋನು ಸದ್ದಿಲ್ಲದೆ ತನ್ನ ಮೈಕಿಗೆ ಬದಲಾಗುತ್ತದೆ. ಕವರ್ ಬಿಚ್ಚಿ ನೋಡಿ. ಹಾಗೇ ಚಾರ್ಜಿಂಗ್ ತೂತಿನೊಳಗೆ ಟಾರ್ಚ್ ಹಾಕಿ ನೋಡಿ. ಜೇಬಿನ ದಾರದ ಎಳೆ, ಹೊಲದ ಮಣ್ಣು ಸೇರಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಹುಷಾರಾಗಿ ತೆಗೆಯಿರಿ. ಸೂಜಿ, ಪಿನ್ನು ಹಾಕಬೇಡಿ.

ಎರಡನೆಯದು OTG. ಕೆಲವು ಕಂಪನಿಯ ಫೋನುಗಳಲ್ಲಿ ಟೈಪ್-ಸಿ ತೂತಿಗೆ ಹೊರಗಿನ ಸಾಮಾನು ಹಾಕಿದರೆ ಸೆಟ್ಟಿಂಗ್ಸ್‌ನಲ್ಲಿ OTG ಅನ್ನುವುದನ್ನು ಕೈಯಾರೆ ಆನ್ ಮಾಡಬೇಕು. ಹತ್ತು ನಿಮಿಷ ಏನೂ ಬಳಸದಿದ್ದರೆ ಅದು ತಾನೇ ಆಫ್ ಆಗುತ್ತದೆ. ಮನೆಯಲ್ಲಿ ಆನ್ ಮಾಡಿ, ಮೈಕ್ ಬಿಚ್ಚಿ ಬ್ಯಾಗಿಗೆ ಹಾಕಿ, ಗಾಡಿಯಲ್ಲಿ ಹೊಲಕ್ಕೆ ಹೋಗುವಷ್ಟರಲ್ಲಿ ಆಫ್. "ಮನೇಲಿ ಚೆನ್ನಾಗೇ ಇತ್ತು" ಎನ್ನುವವರ ಫೋನಿನಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಮೂರನೆಯದು ಕ್ಯಾಮೆರಾ ಆ್ಯಪ್. ಮೈಕ್ ಸರಿಯಾಗಿ ಕೂತಿದ್ದರೂ ಕೆಲವು ಫೋನುಗಳ ಸ್ವಂತ ಕ್ಯಾಮೆರಾ ಹೊರಗಿನ ಮೈಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಗ Open Camera ಎಂಬ ಆ್ಯಪ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಾಗಿಲ್ಲ. ಅದರ ಸೆಟ್ಟಿಂಗ್ಸ್‌ನಲ್ಲಿ Video settings ಒಳಗೆ Audio source ಅಂತ ಇದೆ. ಅಲ್ಲಿ External mic ಆರಿಸಿ, ಮತ್ತೆ ಉಗುರಿನ ಪರೀಕ್ಷೆ ಮಾಡಿ. ಆ್ಯಪ್ ಬದಲಾದಾಗೆಲ್ಲ ಈ ಪರೀಕ್ಷೆ ಮಾಡಬೇಕು, ಯಾಕೆಂದರೆ ಒಂದು ಆ್ಯಪ್‌ನಲ್ಲಿ ಹಿಡಿದ ಮೈಕ್ ಇನ್ನೊಂದರಲ್ಲಿ ಹಿಡಿಯುತ್ತದೆ ಎಂಬ ಗ್ಯಾರಂಟಿ ಇಲ್ಲ.

ಇನ್ನು ಕನ್ವರ್ಟರ್ ವಿಷಯ. ನೋಡಲು ಎಲ್ಲ ಒಂದೇ ಥರ ಇರುವುದರಿಂದ ಇಲ್ಲಿ ಜನ ಜಾಸ್ತಿ ಮೋಸ ಹೋಗುತ್ತಾರೆ.

ಟೈಪ್-ಸಿಯಿಂದ ದುಂಡು ಪಿನ್ನಿಗೆ ಬದಲಿಸುವ ಕನ್ವರ್ಟರಿನಲ್ಲಿ ಎರಡು ಜಾತಿ. ಒಂದರಲ್ಲಿ ತಂತಿ ಬಿಟ್ಟರೆ ಏನೂ ಇಲ್ಲ. ಫೋನಿನೊಳಗೇ ಸೌಂಡಿನ ಸರ್ಕ್ಯೂಟ್ ಇದ್ದು, ಅದು ಟೈಪ್-ಸಿ ತೂತಿನ ಮೂಲಕ ಹೊರಗೆ ಬರುವಂತಿದ್ದರೆ ಮಾತ್ರ ಇದು ನಡೆಯುತ್ತದೆ. ಈಚಿನ ಎಷ್ಟೋ ಫೋನುಗಳಲ್ಲಿ ಆ ವ್ಯವಸ್ಥೆ ಇಲ್ಲ. ಇನ್ನೊಂದು ಜಾತಿಯಲ್ಲಿ ಪಿನ್ನಿನ ಬುಡದಲ್ಲಿ ಸಣ್ಣ ಚಿಪ್ ಇರುತ್ತದೆ, ಧ್ವನಿಯನ್ನು ಅಂಕಿಗಳಾಗಿ ಬದಲಿಸಿ ಫೋನಿಗೆ ಕೊಡುತ್ತದೆ. ಇದನ್ನು ಅಂಗಡಿಯಲ್ಲಿ "ಡ್ಯಾಕ್ ಇರೋದು ಕೊಡಿ" ಎಂದು ಕೇಳಬೇಕು. ಕೇಳಿದರೂ ಸಾಲದು. ಕೆಲವದರಲ್ಲಿ ಚಿಪ್ ಇದ್ದರೂ ಹಾಡು ಕೇಳುವುದಕ್ಕೆ ಮಾತ್ರ, ಮೈಕಿನ ದಾರಿ ಇರುವುದಿಲ್ಲ. "ಮೈಕ್ ಸಪೋರ್ಟ್ ಇದೆಯಾ" ಎಂದು ಬಿಡಿಸಿ ಕೇಳಿ.

ನಿಮ್ಮಲ್ಲಿ ತಪ್ಪು ಕನ್ವರ್ಟರಿನದೋ, ಗೆಳತಿಯ ಮೈಕಿನದೋ ಗೊತ್ತಾಗಲು ಒಂದು ಉಪಾಯವಿದೆ. ಫೋನ್ ಕಾಲ್‌ಗೆ ಬಳಸುತ್ತಿದ್ದ ಹಳೇ ಹೆಡ್‌ಫೋನ್, ತಂತಿಯಲ್ಲಿ ಬಟನ್ ಮತ್ತು ಮೈಕ್ ಇರುವಂಥದ್ದು, ಮನೆಯಲ್ಲಿ ಯಾರದ್ದಾದರೂ ಇದ್ದೇ ಇರುತ್ತದೆ. ಅದನ್ನು ಕನ್ವರ್ಟರಿಗೆ ಚುಚ್ಚಿ ಉಗುರಿನ ಪರೀಕ್ಷೆ ಮಾಡಿ. ಹೆಡ್‌ಫೋನಿನ ಮೈಕ್ ಹಿಡಿದರೆ ಕನ್ವರ್ಟರ್ ಸರಿ ಇದೆ, ಗೆಳತಿಯ ಮೈಕಿನ ಪಿನ್ನು ಬೇರೆ ಜಾತಿಯದು. ಹಿಡಿಯದಿದ್ದರೆ ಕನ್ವರ್ಟರನ್ನೇ ಬದಲಾಯಿಸಬೇಕು.

ಪಿನ್ನಿನ ಜಾತಿ ಕಣ್ಣಿಗೇ ಕಾಣುತ್ತದೆ. ಬೆಳಕಿಗೆ ಹಿಡಿದು ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಿ. ಮೂರು ಗೆರೆ ಇದ್ದರೆ ಅದು ಫೋನಿನ ಮೈಕ್. ಎರಡೇ ಇದ್ದರೆ ಕ್ಯಾಮೆರಾ ಮೈಕ್. ಫೋನು ಮೈಕಿಗೆಂದು ನಾಲ್ಕನೇ ಭಾಗವನ್ನು, ಅಂದರೆ ಪಿನ್ನಿನ ಬುಡದ ಭಾಗವನ್ನು ಇಟ್ಟಿರುತ್ತದೆ. ಆ ದಾರಿಯಲ್ಲೇ ಮೈಕಿಗೆ ಬೇಕಾದ ಸಣ್ಣ ಕರೆಂಟೂ ಬರುತ್ತದೆ. ಎರಡು ಗೆರೆಯ ಪಿನ್ನಿನಲ್ಲಿ ಆ ಭಾಗ ಬೇರೆಯಾಗಿ ಇರುವುದೇ ಇಲ್ಲ, ಹಾಗಾಗಿ ಫೋನಿಗೆ ಮೈಕ್ ಬಂದದ್ದೇ ತಿಳಿಯುವುದಿಲ್ಲ. ಮದುವೆ ವಿಡಿಯೊದವರ ಹತ್ತಿರ ಇಸಿದುಕೊಂಡ ಮೈಕ್ ಫೋನಿಗೆ ಹಿಡಿಯದಿರುವುದು ಇದಕ್ಕೇ.

ಈಗ ಮೂರು ಬಗೆ ನೋಡೋಣ. ಅಂಗಡಿಯವರು "ವೈರಿಂದೇ ಬೆಸ್ಟ್" ಎಂದದ್ದು ಪೂರ್ತಿ ಸುಳ್ಳಲ್ಲ. ಕಾಲರ್ ಮೈಕುಗಳಲ್ಲಿ ಧ್ವನಿ ಹಿಡಿಯುವ ತಲೆ ಹೆಚ್ಚುಕಮ್ಮಿ ಒಂದೇ ಬಗೆಯದು, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡ ಬಿಲ್ಲೆ. ವೈರಿನ ಮೈಕಿಗೆ 800 ರೂಪಾಯಿ ಕೊಟ್ಟರೆ ಆ ದುಡ್ಡೆಲ್ಲ ತಲೆಗೆ, ತಂತಿಗೆ ಹೋಗುತ್ತದೆ. ವೈರ್‌ಲೆಸ್‌ಗೆ ಅಷ್ಟೇ ಕೊಟ್ಟರೆ ಅದರಲ್ಲಿ ರೇಡಿಯೊ, ಬ್ಯಾಟರಿ, ಚಾರ್ಜಿಂಗ್ ಡಬ್ಬಿ ಎಲ್ಲ ಪಾಲು ಕೇಳುತ್ತವೆ. ತಲೆಗೆ ಉಳಿಯುವುದು ಚಿಲ್ಲರೆ. ಹಾಗಾಗಿ ಒಂದೇ ಬೆಲೆಯಲ್ಲಿ ವೈರಿನದೇ ಚೆನ್ನಾಗಿ ಕೇಳುತ್ತದೆ. ದುಬಾರಿ ವೈರ್‌ಲೆಸ್ ಬಗ್ಗೆ ಈ ಮಾತು ನಿಲ್ಲುವುದಿಲ್ಲ.

ದುಂಡು ಪಿನ್ನಿನ ವೈರ್ ಮೈಕ್ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದು ಬೋಯಾ ಕಂಪನಿಯ ಎಂ1. 6 ಮೀಟರ್ ತಂತಿ ಇರುತ್ತದೆ. ತಂತಿಯ ನಡುವೆ ಬೆರಳುದ್ದದ ಒಂದು ಡಬ್ಬಿ, ಅದರಲ್ಲಿ ಬಿಲ್ಲೆ ಸೆಲ್ಲು, ಮೇಲೆ ಸ್ವಿಚ್. ಸೆಲ್ಲು ಕ್ಯಾಮೆರಾಕ್ಕೆ ಹಾಕಿದಾಗ ಬೇಕು. ಫೋನಿಗೆ ಹಾಕಿದಾಗ ಸ್ವಿಚ್ಚು ಸ್ಮಾರ್ಟ್‌ಫೋನ್ ಕಡೆಯೇ ಇರಬೇಕು, ಅಲ್ಲಿ ಆಫ್ ಅಂತಲೂ ಬರೆದಿರುವುದರಿಂದ ಜನ ಹೆದರಿ ಕ್ಯಾಮೆರಾ ಕಡೆ ತಳ್ಳುತ್ತಾರೆ. ಇಂಥ ಮೈಕನ್ನು ಕೆಟ್ಟಿದೆ ಎಂದು ನನ್ನ ಹತ್ತಿರ ತಂದು, ಸ್ವಿಚ್ ಸರಿಸಿದ ಮೇಲೆ ನಾಚಿಕೊಂಡು ಹೋದವರು ಇದ್ದಾರೆ.

ಟೈಪ್-ಸಿ ವೈರ್ ಮೈಕ್ ಎಂದರೆ ಚಿಪ್ ಇರುವ ಕನ್ವರ್ಟರನ್ನೇ ಮೈಕಿನ ಪಿನ್ನಿಗೆ ಸೇರಿಸಿ ಒಂದೇ ತುಂಡು ಮಾಡಿದ ಹಾಗೆ. ಜಾತಿ ಹೊಂದಿಸುವ ತಲೆನೋವು ಇಲ್ಲ, ಅದೇ ಇದರ ದೊಡ್ಡ ಗುಣ. ತೊಂದರೆ ಎರಡು. ಪಿನ್ನಿನ ಬುಡ ಮುರಿದರೆ ಇಡೀ ಮೈಕೇ ಹೋಯಿತು, ಅದಕ್ಕೆ ರಿಪೇರಿ ಇಲ್ಲವೆಂದೇ ತಿಳಿಯಿರಿ. ಮತ್ತೆ, ತಂತಿ ಸಾಲದಿದ್ದರೆ ಉದ್ದ ಮಾಡಲು ಆಗುವುದಿಲ್ಲ. ದುಂಡು ಪಿನ್ನಿಗೆ ಎಕ್ಸ್‌ಟೆನ್ಷನ್ ಹಾಕಿದರೆ ನಡೆಯುತ್ತದೆ, ಅದಕ್ಕೂ ಮೂರು ಗೆರೆ ಇದ್ದರೆ ಆಯಿತು. ಟೈಪ್-ಸಿಗೆ ಎಕ್ಸ್‌ಟೆನ್ಷನ್ ಎಂಬುದು ಆ ಪಿನ್ನಿನ ನಿಯಮದಲ್ಲೇ ಇಲ್ಲ. ಮಾರುಕಟ್ಟೆಯಲ್ಲಿ ಸಿಗುತ್ತದೆ, ಒಂದು ಫೋನಿಗೆ ಹಿಡಿಯುತ್ತದೆ, ಇನ್ನೊಂದಕ್ಕೆ ಇಲ್ಲ. ಕೊಳ್ಳುವಾಗಲೇ ಬೇಕಾದಷ್ಟು ತಂತಿ ಇರುವುದನ್ನು ನೋಡಿ ಕೊಳ್ಳಬೇಕು. ಕೂತು ಮಾತಾಡುವವರಿಗೆ 2 ಮೀಟರ್ ಸಾಕು. ಆದರೆ ನಿಮ್ಮನ್ನೂ ನಿಮ್ಮ ಹಿಂದಿನ ಬೆಳೆಯನ್ನೂ ತೋರಿಸಲು ತಂಗಿ ನಾಲ್ಕೈದು ಹೆಜ್ಜೆ ಹಿಂದೆ ಹೋಗಬೇಕು, ಅಲ್ವಾ? 2 ಮೀಟರ್ ನಿಮಗೆ ಸಾಲುವುದಿಲ್ಲ.

ಇನ್ನು ವೈರ್‌ಲೆಸ್. ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಬ್ಲೂಟೂತ್ ಇಯರ್‌ಫೋನನ್ನೇ ಕಾಲರಿಗೆ ಸಿಕ್ಕಿಸಿಕೊಂಡರೆ ಆಗಲ್ವಾ ಎಂದು ಕೇಳುವವರಿದ್ದಾರೆ. ಅದರ ಮೈಕ್ ಕಾಲ್ ಮಾಡಲೆಂದು ಮಾಡಿದ್ದು. ಧ್ವನಿ ಟೆಲಿಫೋನಿನಂತೆ ಸಪೂರವಾಗುತ್ತದೆ, ತುಟಿ ಒಂದು ಕಡೆ, ಮಾತು ಒಂದು ಕಡೆ. ನೀವು ತರಿಸಿದಂಥ ಸೆಟ್ಟಿನಲ್ಲಿ ಫೋನಿಗೆ ಚುಚ್ಚುವ ರಿಸೀವರ್ ಬೇರೆ, ಎದೆಗೆ ಸಿಕ್ಕಿಸುವ ಮೈಕ್ ಬೇರೆ. ಇವೆರಡು ತಮ್ಮೊಳಗೇ 2.4 ಗಿಗಾಹರ್ಟ್ಸ್ ರೇಡಿಯೊದಲ್ಲಿ ಮಾತಾಡಿಕೊಳ್ಳುತ್ತವೆ, ತುಟಿಗೂ ಮಾತಿಗೂ ಕಣ್ಣಿಗೆ ಕಾಣುವಷ್ಟು ಅಂತರ ಬರುವುದಿಲ್ಲ.

ಆ 2.4 ಗಿಗಾಹರ್ಟ್ಸ್ ಅಲೆಗೆ ನೀರು ಕಂಡರೆ ಆಗದು. ಮನುಷ್ಯನ ಮೈಯಲ್ಲಿ ಇರುವುದು ಜಾಸ್ತಿ ನೀರೇ. ಮೈಕ್ ಎದೆಯ ಮೇಲಿದ್ದು ನೀವು ಫೋನಿಗೆ ಬೆನ್ನು ತಿರುಗಿಸಿದರೆ ನಿಮ್ಮ ಮೈಯೇ ಗೋಡೆ. ಆದರೆ ಮನೆಯಲ್ಲಿ ಯಾಕೆ ಕಟ್ ಆಗಲಿಲ್ಲ? ಮನೆಯಲ್ಲಿ ನಾಲ್ಕು ಗೋಡೆ, ಮೇಲೆ ತಾರಸಿ ಇದೆ. ಅಲೆ ಅವಕ್ಕೆ ಬಡಿದು ಸುತ್ತು ಹಾಕಿಕೊಂಡಾದರೂ ಫೋನಿಗೆ ಮುಟ್ಟುತ್ತದೆ. ಬಯಲಿನಲ್ಲಿ ಬಡಿದು ವಾಪಸ್ ಬರಲು ಏನೂ ಇಲ್ಲ. ಮೈ ಅಡ್ಡ ಬಂದರೆ ಮುಗಿಯಿತು. ಡಬ್ಬಿ ಮೇಲೆ 50 ಮೀಟರ್ ಎಂದು ಬರೆದಿರುವುದು ನಡುವೆ ಯಾರೂ ಏನೂ ಇಲ್ಲದಾಗಿನ ಲೆಕ್ಕ. ಬೆಳೆ ಕಡೆ ತಿರುಗಿ ಎಲೆ ತೋರಿಸುತ್ತಾ ಮಾತಾಡುವವರಿಗೆ ಆ ಲೆಕ್ಕ ಬೇಡ. ಬೆನ್ನು ತಿರುಗಿಸಿ ಹದಿನೈದು ಹೆಜ್ಜೆ ನಡೆದು ಮಾತಾಡಿದಾಗ ಕಟ್ ಆಗದಿದ್ದರೆ ಅದು ನಿಮ್ಮ ಕೆಲಸಕ್ಕೆ ಆಗುವ ಮೈಕ್. ತಿರುಗಿ ಮಾತಾಡಲೇಬೇಕಾದಾಗ ಮೈಕನ್ನು ಎದೆಯ ನಡುವೆ ಬಿಟ್ಟು, ತಂಗಿ ನಿಂತ ಬದಿಯ ಭುಜದ ಹತ್ತಿರ ಸಿಕ್ಕಿಸಿ. ಅಷ್ಟಕ್ಕೇ ಎಷ್ಟೋ ಸರಿಹೋಗುತ್ತದೆ.

ಆದರೆ ಮಾತು ಕಟ್ ಆಗುವುದಕ್ಕೆ ರೇಡಿಯೊ ಒಂದೇ ಕಾರಣವಲ್ಲ. ನಿಮ್ಮ ಮೈಕಿನ ಮೇಲಿನ ಬಟನ್ ಒತ್ತಿದರೆ ಲೈಟಿನ ಬಣ್ಣ ಬದಲಾಗುತ್ತದಾ ನೋಡಿ. ಬದಲಾದರೆ ಅದು ನಾಯ್ಸ್ ಕಡಿಮೆ ಮಾಡುವ ಬಟನ್ ಇರಬಹುದು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದು ಮಾರುವುದು ಇದನ್ನೇ. ಅಗ್ಗದ ಮೈಕಿನಲ್ಲಿ ಇದು ಮಾಡುವ ಕೆಲಸ ಸರಳ: ಜೋರಾಗಿದ್ದದ್ದು ಮಾತು ಎಂದು ಬಿಡುತ್ತದೆ, ಮೆಲ್ಲಗಿದ್ದದ್ದು ಗದ್ದಲ ಎಂದು ಕತ್ತರಿಸುತ್ತದೆ.

ಈಗ ಕನ್ನಡದಲ್ಲಿ ನಾವು ಹೇಗೆ ಮಾತಾಡುತ್ತೇವೆ ಯೋಚಿಸಿ. ವಾಕ್ಯ ಶುರುವಾಗುವಾಗ ಧ್ವನಿ ಜೋರು, ಕೊನೆಗೆ ಬರುತ್ತಾ ಇಳಿಯುತ್ತದೆ. ಆದರೆ ನಮ್ಮ ಮಾತಿನ ತೀರ್ಮಾನವೆಲ್ಲ ಇರುವುದು ಆ ಕೊನೆಯಲ್ಲೇ. "ಹೂ ಬಿಟ್ಟಾಗ ಈ ಎಣ್ಣೆ ಹೊಡೆಯಬೇಕು", "ಹೊಡೆಯಬಹುದು", "ಹೊಡೆಯಬಾರದು". ಮೂರೂ "ಬ" ತನಕ ಒಂದೇ! ಮೈಕು ಆಮೇಲಿನದನ್ನು ನುಂಗಿದರೆ ಕೇಳಿದವನಿಗೆ ಏನು ತಿಳಿಯಬೇಕು? ಸುಮ್ನೆ ಹೇಳುತ್ತಿಲ್ಲ. ಕೆಲವು ವರ್ಷದ ಹಿಂದೆ ಮೆಣಸಿನಕಾಯಿ ಬೆಳೆಗಾರರೊಬ್ಬರ ಮಾತನ್ನು ಇಂಥದೇ ಮೈಕಿನಲ್ಲಿ ನಾನೇ ರೆಕಾರ್ಡ್ ಮಾಡಿಕೊಟ್ಟಿದ್ದೆ. ಪಂಪ್‌ಸೆಟ್ ಸದ್ದು ಒಂಚೂರೂ ಇಲ್ಲ ಎಂದು ಖುಷಿಪಟ್ಟಿದ್ದೆ. ವಿಡಿಯೊ ನೋಡಿದ ರೈತರು ಅವರಿಗೆ ಫೋನ್ ಮಾಡಿ, "ಎಣ್ಣಿ ಹೊಡಿಬೇಕಂದ್ರೋ, ಹೊಡಿಬಾರ್ದಂದ್ರೋ?" ಎಂದು ಕೇಳತೊಡಗಿದರು. ಇಯರ್‌ಫೋನ್ ಹಾಕಿ ಮತ್ತೆ ಕೇಳಿದರೆ ನನಗೂ ಗೊತ್ತಾಗಲಿಲ್ಲ. ವಿಡಿಯೊ ತೆಗೆಸಿ ಮತ್ತೆ ಮಾಡಿದೆವು. ಅವತ್ತಿನಿಂದ ಹೊಲದಲ್ಲಿ ಆ ಬಟನ್ ಆಫ್. ಹಿಂದೆ ಪಂಪ್‌ಸೆಟ್ ಕೇಳಿದರೆ ಕೇಳಲಿ, ಅದು ಹೊಲ ತಾನೆ. ಗದ್ದಲ ಕಮ್ಮಿ ಮಾಡಬೇಕೆಂದರೆ ಮೈಕನ್ನು ಗಲ್ಲದಿಂದ ಒಂದು ಗೇಣಿನ ಒಳಗೆ ತನ್ನಿ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ನಿಮ್ಮ ಮಾತು ಗದ್ದಲಕ್ಕಿಂತ ಎಷ್ಟೋ ಮೇಲೆ ಏಳುತ್ತದೆ. ಯಾವ ಬಟನ್ನೂ ಅಷ್ಟು ಮಾಡಿಕೊಡುವುದಿಲ್ಲ.

ಗುಡುಗುಡು ಸದ್ದು ಗಾಳಿಯದು. ಇದಕ್ಕೆ ವೈರು, ವೈರ್‌ಲೆಸ್ಸು ಎಂಬ ಭೇದವಿಲ್ಲ. ಮೈಕಿನ ಒಳಗೆ ತೆಳ್ಳನೆಯ ಪೊರೆ ಇರುತ್ತದೆ, ಗಾಳಿ ಬಂದು ಅದನ್ನು ನೇರವಾಗಿ ತಳ್ಳುತ್ತದೆ. ಆಷಾಢದ ಗಾಳಿಯಲ್ಲಿ ಆ ಪೊರೆ ಪೂರ್ತಿ ಒತ್ತಿಕೊಂಡಾಗ ನಿಮ್ಮ ಮಾತಿಗೆ ಜಾಗವೇ ಇರುವುದಿಲ್ಲ. ಆಮೇಲೆ ಯಾವ ಆ್ಯಪ್‌ನಿಂದಲೂ ಅದನ್ನು ವಾಪಸ್ ತರಲಾಗದು. ಕೇಳಿ ಗುರುತಿಸುವುದು ಸುಲಭ: ಗಾಳಿಯದು ಗುಡುಗುಡು, ಬರುತ್ತದೆ ಹೋಗುತ್ತದೆ. ಒಂದೇ ಸಮನೆ "ಸ್‌ಸ್‌" ಎಂದು ಕೊನೆಯತನಕ ಇದ್ದರೆ ಅದು ಅಗ್ಗದ ಸರ್ಕ್ಯೂಟಿನದು, ಅದಕ್ಕೆ ಮೈಕನ್ನೇ ಬದಲಿಸಬೇಕು.

ಮೈಕಿನ ಜೊತೆ ಬರುವ ಕಪ್ಪು ಸ್ಪಂಜು ಬಾಯಿಯ ಉಸಿರಿಗೆ, "ಪ", "ಫ" ಹೊಡೆತಕ್ಕೆ ಸಾಕು. ಬಯಲಿನ ಗಾಳಿಗೆ ಉದ್ದ ಕೂದಲಿನ ಉಣ್ಣೆ ಟೊಪ್ಪಿ ಬೇಕು, ಮೊಲದ ಮರಿಯಂತೆ ಕಾಣುತ್ತದಲ್ಲ, ಅದು. ಆ ಕೂದಲು ಗಾಳಿಯ ವೇಗವನ್ನು ಪೊರೆಯ ಹತ್ತಿರ ಬರುವ ಮುಂಚೆಯೇ ಮುರಿಯುತ್ತದೆ. ಬೇರೆಯಾಗಿಯೂ ಸಿಗುತ್ತದೆ, ದೊಡ್ಡ ದುಡ್ಡಲ್ಲ. ಮೈಕಿನ ತಲೆಯ ಅಳತೆ ನೋಡಿ ತರಬೇಕು. ಸಡಿಲವಾದರೆ ಗದ್ದೆಯಲ್ಲಿ ಬಿದ್ದುಹೋಗುತ್ತದೆ, ಕೆಸರಲ್ಲಿ ಹುಡುಕಿದರೂ ಸಿಗುವುದಿಲ್ಲ. ದಾರದಿಂದ ಒಂದು ಸುತ್ತು ಕಟ್ಟಿಬಿಡಿ. ಇನ್ನು ನಿಲ್ಲುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ನಿಮ್ಮ ಮೈಯೇ ಮೈಕಿಗೆ ಮರೆಯಾಗುತ್ತದೆ. ಒಂದು ಮುಷ್ಟಿ ಮಣ್ಣಿನ ಪುಡಿ ಮೇಲಿಂದ ಬಿಟ್ಟರೆ ಗಾಳಿ ಯಾವ ಕಡೆಗೆಂದು ಗೊತ್ತಾಗುತ್ತದೆ, ರೈತರಿಗೆ ನಾನು ಅದನ್ನು ಹೇಳಿಕೊಡಬೇಕಾ!

ಹೀಗಾದರೆ ಕೊಳ್ಳಬೇಕಾದ್ದು ಯಾವುದು? ಅದಕ್ಕೆ ಮುಂಚೆ ಒಂದು ಪ್ರಶ್ನೆ. ಮನೆಯಲ್ಲಿ ದುಂಡು ಪಿನ್ನಿನ ತೂತಿರುವ ಹಳೇ ಫೋನ್ ಇದೆಯಾ? ಸ್ಕ್ರೀನ್ ಒಡೆದಿದ್ದರೂ ಪರವಾಗಿಲ್ಲ, ಆನ್ ಆಗಿ ರೆಕಾರ್ಡ್ ಮಾಡಿದರೆ ಸಾಕು. ಇದ್ದರೆ ನನ್ನ ಸಲಹೆ ವೈರ್‌ಲೆಸ್ಸೂ ಅಲ್ಲ, ಟೈಪ್-ಸಿಯೂ ಅಲ್ಲ. ದುಂಡು ಪಿನ್ನಿನ ವೈರ್ ಮೈಕ್ ತೆಗೆದುಕೊಂಡು ಆ ಹಳೇ ಫೋನಿಗೆ ಹಾಕಿ.

ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರೊಬ್ಬರ ಕೆಲಸವನ್ನು ಹೀಗೇ ರೆಕಾರ್ಡ್ ಮಾಡಿದ್ದೆ. ಅವರು ಮರ ಕೆತ್ತಲು ಒಂದು ಕಡೆ ಕೂರುತ್ತಿದ್ದರು, ಬಣ್ಣಕ್ಕೆ ಒಳಗೆ ಹೋಗುತ್ತಿದ್ದರು, ಒಣಗಿಸಲು ಅಂಗಳಕ್ಕೆ ಬರುತ್ತಿದ್ದರು. ತಂತಿ ಎಳೆದುಕೊಂಡು ತಿರುಗಲು ಆಗುತ್ತಿರಲಿಲ್ಲ. ಹಳೇ ಫೋನಿಗೆ ವೈರ್ ಮೈಕ್ ಚುಚ್ಚಿ, ರೆಕಾರ್ಡರ್ ಆನ್ ಮಾಡಿ, ಫೋನನ್ನು ಅವರ ಅಂಗಿ ಜೇಬಿಗೆ ಹಾಕಿದೆ. ಮಿಕ್ಕ ತಂತಿಗೆ ರಬ್ಬರ್ ಬ್ಯಾಂಡ್. ಹೊಸ ಫೋನಿನಲ್ಲಿ ನಾನು ಎಲ್ಲಿಂದ ಬೇಕಾದರೂ ವಿಡಿಯೊ ಮಾಡಿದೆ. ಅಂಗಳದ ಆಚೆ ತುದಿಯಿಂದ ಮಾಡಿದ ದೃಶ್ಯದಲ್ಲೂ ಮಾತು ಕಿವಿಯ ಪಕ್ಕ ಹೇಳಿದಂತೆ ಬಂತು. ರೇಡಿಯೊ ಇಲ್ಲ, ಹಾಗಾಗಿ ಕಟ್ ಎಂಬುದೇ ಇಲ್ಲ.

ಮಾಡುವ ಕ್ರಮ ಹೀಗೆ. ಹಳೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ನಡುವೆ ಕಾಲ್ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ, ಸಿಗ್ನಲ್ ಹುಡುಕುವಾಗಿನ "ಟಿಟ್ ಟಿಟ್ ಟಿಟ್" ಸದ್ದು ತಂತಿಗೆ ಸೇರುತ್ತದೆ. ವಾಯ್ಸ್ ರೆಕಾರ್ಡರ್ ಶುರು ಮಾಡಿ. ತಂಗಿ ವಿಡಿಯೊ ಶುರು ಮಾಡಿದ ಮೇಲೆ ಕ್ಯಾಮೆರಾಕ್ಕೆ ಕಾಣುವಂತೆ ಒಂದು ಚಪ್ಪಾಳೆ ತಟ್ಟಿ, ಆಮೇಲೆ ಮಾತಾಡಿ. ಮನೆಗೆ ಬಂದು ಧ್ವನಿಯ ಫೈಲನ್ನು ಹೊಸ ಫೋನಿಗೆ ಕಳಿಸಿಕೊಳ್ಳಿ. ಎಡಿಟಿಂಗ್ ಆ್ಯಪ್‌ನಲ್ಲಿ ವಿಡಿಯೊದ ಧ್ವನಿಯಲ್ಲೂ, ಈ ಫೈಲಿನಲ್ಲೂ ಚಪ್ಪಾಳೆ ಇದ್ದ ಕಡೆ ಗೋಪುರದಂತೆ ಒಂದು ಚೂಪು ಕಾಣುತ್ತದೆ. ಎರಡನ್ನೂ ಒಂದರ ಮೇಲೊಂದು ಕೂಡಿಸಿ, ವಿಡಿಯೊದ ಧ್ವನಿಯನ್ನು ಸೊನ್ನೆಗೆ ಇಳಿಸಿ. ಮೊದಲ ಸಲ ಕಾಲು ಗಂಟೆ ಹಿಡಿಯಬಹುದು, ರೂಢಿಯಾದ ಮೇಲೆ ಎರಡು ನಿಮಿಷ. ಎರಡು ಫೋನುಗಳ ಗಡಿಯಾರ ಕೂದಲೆಳೆಯಷ್ಟು ಬೇರೆ ಓಡುವುದರಿಂದ ತುಂಬ ಉದ್ದದ ವಿಡಿಯೊದಲ್ಲಿ ತುಟಿ ನಿಧಾನಕ್ಕೆ ತಪ್ಪುತ್ತದೆ. ಪ್ರತಿ ಸಲ ವಿಡಿಯೊ ನಿಲ್ಲಿಸಿ ಶುರು ಮಾಡಿದಾಗ ಹೊಸ ಚಪ್ಪಾಳೆ ಹಾಕಿದರೆ ಆ ತೊಂದರೆ ಬರುವುದಿಲ್ಲ.

ಇದರಲ್ಲೂ ಒಂದು ಅಪಾಯ ಇದೆ. ಜೇಬಿನಲ್ಲಿರುವ ಹಳೇ ಫೋನಿನಲ್ಲಿ ನಿಮ್ಮ ಧ್ವನಿ ಹೇಗೆ ಬರುತ್ತಿದೆ ಎಂದು ಆಗಲೇ ತಿಳಿಯುವುದಿಲ್ಲ. ಪಿನ್ನು ಅರ್ಧ ಕಿತ್ತಿದ್ದರೆ ಗೊತ್ತಾಗುವುದು ಮನೆಗೆ ಬಂದ ಮೇಲೆ. ಅದಕ್ಕೇ ಮೊದಲ ಅರ್ಧ ನಿಮಿಷ ಮಾತಾಡಿ, ನಿಲ್ಲಿಸಿ, ಕೇಳಿ, ಆಮೇಲೆ ಮುಂದುವರಿಯಿರಿ.

ಮೈಕ್ ಸುಮಾರು 1,000 ರೂಪಾಯಿ ಆಸುಪಾಸಿನಲ್ಲಿ ಆಗುತ್ತದೆ, ಉಣ್ಣೆ ಟೊಪ್ಪಿ ಸೇರಿಸಿದರೂ ನಿಮ್ಮ ಬಜೆಟ್ಟಿನಲ್ಲಿ ಉಳಿಯುತ್ತದೆ.

ಹಳೇ ಫೋನ್ ಇಲ್ಲ, ಅಥವಾ ಎಡಿಟಿಂಗ್ ಬೇಡ ಎನ್ನುವುದಾದರೆ ವೈರ್‌ಲೆಸ್ಸೇ ಸರಿ, ಆದರೆ 400 ರೂಪಾಯಿಯದು ಬೇಡ. 2,000ದ ಹತ್ತಿರ ಹೋಗಿ, ಒಂದೇ ಮೈಕಿನ ಸೆಟ್ ತೆಗೆದುಕೊಳ್ಳಿ. ಅದೇ ಬೆಲೆಗೆ ಎರಡು ಮೈಕಿನ ಸೆಟ್ ಕೊಡುತ್ತೇನೆ ಎಂದರೆ ದುಡ್ಡು ಎರಡು ಪಾಲಾಯಿತು ಅಂತ ಅರ್ಥ. ನೋಡಬೇಕಾದ್ದು ಇಷ್ಟು: ನಾಯ್ಸ್ ಬಟನ್ ಆಫ್ ಮಾಡಲು ಆಗಬೇಕು, ಉಣ್ಣೆ ಟೊಪ್ಪಿ ಜೊತೆಗೇ ಬರಬೇಕು, ರಿಸೀವರಿನ ಹಿಂದೆ ಚಾರ್ಜಿಂಗ್ ತೂತು ಇರಬೇಕು. ರಿಸೀವರ್ ಫೋನಿನ ಕರೆಂಟನ್ನೇ ಕುಡಿಯುತ್ತದೆ, ಆ ಹೊತ್ತಿಗೆ ಫೋನಿನ ತೂತೂ ಅದರ ವಶ. ಚಾರ್ಜಿಂಗ್ ತೂತಿದ್ದರೆ ಪವರ್ ಬ್ಯಾಂಕ್ ಹಾಕಿಕೊಳ್ಳಬಹುದು. ಇನ್ನು ನಮ್ಮ ರಾಯಚೂರು ಬಿಸಿಲು. ಏಪ್ರಿಲ್‌ನಲ್ಲಿ ಗಾಡಿಯ ಟ್ಯಾಂಕ್ ಕವರಿನೊಳಗೆ ಮೈಕ್ ಇಟ್ಟು ಮಧ್ಯಾಹ್ನ ಬಿಟ್ಟರೆ ಅದರ ಸಣ್ಣ ಲಿಥಿಯಂ ಬ್ಯಾಟರಿ ಬೇಗ ಸೊರಗುತ್ತದೆ. ಸೊರಗಿದ ಬ್ಯಾಟರಿ ಬದಲಿಸಲು ಇಂಥ ಮೈಕಿನಲ್ಲಿ ದಾರಿಯಿಲ್ಲ. ವೈರ್ ಮೈಕ್ ಹತ್ತು ವರ್ಷ ಬಂದದ್ದು ನನ್ನ ಹತ್ತಿರವೇ ಇದೆ. ಬ್ಯಾಟರಿ ಇರುವ ಸಾಮಾನಿನ ಆಯುಷ್ಯ ಬ್ಯಾಟರಿಯಷ್ಟೇ.

ಸಿಂಧನೂರಿನಲ್ಲೋ ರಾಯಚೂರಿನಲ್ಲೋ ಅಂಗಡಿಗೆ ಹೋದರೆ ನಿಮ್ಮ ಫೋನ್, ನಿಮ್ಮ ಇಯರ್‌ಫೋನ್ ಎರಡೂ ಒಯ್ಯಿರಿ. ಉಗುರಿನ ಪರೀಕ್ಷೆ ಅಲ್ಲೇ ಮಾಡಿ. ಅಂಗಡಿಯ ಒಳಗೆ ಎಲ್ಲ ಮೈಕೂ ಚೆನ್ನಾಗೇ ಕೇಳುತ್ತವೆ, ಆದ್ದರಿಂದ ರಸ್ತೆಗೆ ಬಂದು ಬೆನ್ನು ತಿರುಗಿಸಿ ಹದಿನೈದು ಹೆಜ್ಜೆ ನಡೆಯಿರಿ. ನಡೆಯುತ್ತಾ "ಹೊಡೆಯಬೇಕು, ಹೊಡೆಯಬಹುದು, ಹೊಡೆಯಬಾರದು" ಎಂದು ಮಾಮೂಲಿ ಧ್ವನಿಯಲ್ಲಿ ಹೇಳಿ. ಜನ ನೋಡಿದರೆ ನೋಡಲಿ. ಇಯರ್‌ಫೋನಿನಲ್ಲಿ ಮೂರರ ಕೊನೆಯೂ ಬಿಡಿಬಿಡಿಯಾಗಿ ಕೇಳಿದರೆ ದುಡ್ಡು ಕೊಡಿ.

ಮೈಕ್ ಸಿಕ್ಕಿಸುವ ಬಗ್ಗೆ ಒಂದು ಮಾತು, ಇದನ್ನು ಹೆಣ್ಣುಮಕ್ಕಳಿಗೆ ಯಾರೂ ಹೇಳುವುದಿಲ್ಲ. ತಾಳಿ ಅಥವಾ ಸರ ಹಾಕಿದ್ದರೆ ನಡೆಯುವಾಗ ಅದು ಮೈಕಿಗೆ ಬಡಿದು ಟಿಕ್ ಟಿಕ್ ಎನ್ನುತ್ತದೆ. ಸರವನ್ನು ಕುಪ್ಪಸದ ಒಳಗೆ ಹಾಕಿಕೊಳ್ಳಿ. ಸೆರಗಿನ ಅಥವಾ ವೇಲಿನ ಅಡಿಯಲ್ಲಿ ಮೈಕ್ ಬಚ್ಚಿಡಬೇಡಿ, ಬಟ್ಟೆ ಉಜ್ಜಿದ ಸದ್ದು ಗಾಳಿಗಿಂತ ಕೆಟ್ಟದು. ಸೆರಗು ಮಡಿಸಿ ಪಿನ್ ಮಾಡಿದ ಅಂಚಿಗೆ ಸಿಕ್ಕಿಸಿದರೆ ಅಲುಗುವುದಿಲ್ಲ. ವೈರ್ ಮೈಕಾದರೆ ಕ್ಲಿಪ್ಪಿನ ಕೆಳಗೆ ತಂತಿಯನ್ನು ಒಂದು ಸಣ್ಣ ಸುತ್ತು ಮಾಡಿ ಅದನ್ನೂ ಕ್ಲಿಪ್ಪಿನಲ್ಲೇ ಹಿಡಿಸಿ. ತಂತಿ ಎಳೆದಾಗ ಸುತ್ತು ಬಿಗಿಯುತ್ತದೆ, ಎಳೆತ ಮೈಕಿನ ತಲೆಯತನಕ ಹೋಗುವುದಿಲ್ಲ.

ಈಗಿರುವ 400 ರೂಪಾಯಿ ಮೈಕ್ ಎಸೆಯಬೇಡಿ. ಕವರ್ ಬಿಚ್ಚಿ, OTG ನೋಡಿ, ನಾಯ್ಸ್ ಬಟನ್ ಆಫ್ ಮಾಡಿ, ಸ್ಪಂಜಿನ ಮೇಲೆ ಉಣ್ಣೆ ಟೊಪ್ಪಿ ಹಾಕಿ ಒಂದು ದಿನ ಹೊಲದಲ್ಲಿ ಮಾಡಿ ನೋಡಿ. ಆಮೇಲೂ ಬೆನ್ನು ತಿರುಗಿಸಿದಾಗ ಕಟ್ ಆದರೆ ಅದು ಮನೆಯೊಳಗಿನ ಮೈಕ್, ಬೀಜ-ಗೊಬ್ಬರದ ಚೀಲ ತೋರಿಸುವ ವಿಡಿಯೊಗೆ ಇಟ್ಟುಕೊಳ್ಳಿ. ಮತ್ತೆ ಆ ಕನ್ವರ್ಟರಿಗೆ ಹಳೇ ಹೆಡ್‌ಫೋನ್ ಹಾಕಿದಾಗ ಏನಾಯಿತು ಎಂದು ಬರೆಯಿರಿ. ಕನ್ವರ್ಟರ್ ಸರಿಯಿದ್ದರೆ ಮೂರು ಗೆರೆಯ ಮೈಕ್ ನಿಮ್ಮ ಈಗಿನ ಫೋನಿಗೇ ಹಿಡಿಯುತ್ತದೆ. 6 ಮೀಟರ್ ತಂತಿ ತಂಗಿಯ ತನಕ ಮುಟ್ಟುವ ವಿಡಿಯೊಗಳಿಗೆ ಚಪ್ಪಾಳೆಯೂ ಬೇಕಿಲ್ಲ.